‘ಗುಡಿಸಿದ’ ಹೋಗಿ ‘ಗುಡಿಸಿದರು’ ಬರುವವರೆಗೆ: ಒಂದು ಕೈಪಿಡಿ ತಿದ್ದಿದ ಅನುಭವ

ಬೆಂಗಳೂರಿನ ವಾರ್ಡ್ ಸೌಲಭ್ಯಗಳ ಬಗ್ಗೆ 120 ಪುಟದ ಆಸುಪಾಸಿನ ಒಂದು ಹಳೆಯ ಕೈಪಿಡಿ. ಜಾಡಮಾಲಿ, ಕುರುಡ, ಮೂಗ, ಹುಚ್ಚ ಎಲ್ಲರೂ ಅದರಲ್ಲಿದ್ದರು. ಇಂಥ ಪದಗಳನ್ನು ತೆಗೆದು ಮರ್ಯಾದೆಯ ಪದ ಹಾಕುವ ಕೆಲಸ ನನಗೆ ಬಂತು. ‘ಪದಪಟ್ಟಿ ಹಾಕಿ ಫೈಂಡ್-ರೀಪ್ಲೇಸ್ ಒತ್ತಿದರೆ ಅರ್ಧ ದಿನದ ಕೆಲಸ, ಪುಟಕ್ಕೆ 80 ರೂಪಾಯಿ ಯಾಕ್ರೀ?’ ಎಂದು ಕೆಲಸ ಕೊಟ್ಟವರು ಕೇಳಿದರು. ಆಗಲಿ ಎಂದು ಮೊದಲು ಹಾಗೇ ಮಾಡಿದೆ.

ಕನ್ನಡದಲ್ಲಿ ಇದು ಕೈಕೊಡುವುದು ಗುಣಿತಾಕ್ಷರದ ಜಾಗದಲ್ಲಿ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ ಬೇರೆಯೇ ಅಕ್ಷರ, ಹಾಗಾಗಿ ‘ಹುಚ್ಚ’ ಹುಡುಕಿದರೆ ‘ಹುಚ್ಚೆಳ್ಳು’ ಕೂಡ ಸಿಗುತ್ತದೆ. ಎಣ್ಣೆಕಾಳಿನ ಪಟ್ಟಿಯಲ್ಲಿ ‘ಮಾನಸಿಕ ಅಸ್ವಸ್ಥೆಳ್ಳು’ ಅಚ್ಚಾಯಿತು! ಮುಳಬಾಗಿಲಿನ ಕುರುಡುಮಲೆಯ ಹೆಸರೂ ಕೆಟ್ಟಿತು. ಪ್ಲೇಟ್ ಮತ್ತೆ ಮಾಡಿಸಲು ಎರಡೂವರೆ ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು.

ಆಮೇಲೆ ಲಿಬ್ರೆಆಫೀಸ್‌ನಲ್ಲಿ ಅಕ್ಷರಗಳ ಮಾದರಿ ಬರೆದು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಹಿಡಿದೆ. ಮೊದಲು ಬರೆದದ್ದು ‘ಮೂಗನ್ನು’ (ಮುಖದ ಮೇಲಿರುವುದು), ‘ಮೂಗರ್ಜಿ’ ಎರಡನ್ನೂ ಹಿಡಿದು ತಂದಿತು. ಎರಡರಲ್ಲೂ ‘ಮೂಗ’ದ ಮುಂದಿನ ವ್ಯಂಜನಕ್ಕೆ ಒತ್ತು ಬರುತ್ತದೆ. ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ ಇರುವಲ್ಲಿ ಬೇಡ ಎಂದು ಹೇಳಿದ ಮೇಲೆ ಸರಿಹೋಯಿತು:

```
(?<![\u0C80-\u0CFF])ಮೂಗ[ನರ](?!\u0CCD)
```

ಇದು ಹುಡುಕುವುದಕ್ಕೆ ಮಾತ್ರ. ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ಅಂದಿನಿಂದ ಮುಟ್ಟಿಲ್ಲ.

ಇಷ್ಟಾದರೂ ಕೈಪಿಡಿ ಸರಿ ಕಾಣಲಿಲ್ಲ. ಒಂದು ಜಾಗ ನೋಡಿ: ‘ಬೆಳಗ್ಗೆ ಜಾಡಮಾಲಿ ಬಂದು ರಸ್ತೆ ಗುಡಿಸಿದ. ಸಂಜೆ ಎಂಜಿನಿಯರ್ ಬಂದು ಪರಿಶೀಲಿಸಿದರು.’ ನಾಮಪದ ಬದಲಿಸಿದಾಗ ‘ಪೌರಕಾರ್ಮಿಕ ಬಂದು ಗುಡಿಸಿದ’ ಆಯಿತು. ಹೆಸರು ಹೊಸದು, ತಾತ್ಸಾರ ಹಳೆಯದೇ. ನಮ್ಮ ಭಾಷೆಯಲ್ಲಿ ಮರ್ಯಾದೆ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ಪದಪಟ್ಟಿ ಅಲ್ಲಿಗೆ ಹೋಗುವುದೇ ಇಲ್ಲ. ಅದಲ್ಲದೆ ಈ ಊರಿನಲ್ಲಿ ರಸ್ತೆ ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು, ‘ಗುಡಿಸಿದ’ ಎಂಬುದು ಸಂಗತಿಯಾಗಿಯೂ ತಪ್ಪು.

ಹಾಗಾಗಿ ಕ್ರಮವನ್ನೇ ತಿರುವು ಹಾಕಿದೆ. ಮೊದಲ ಸುತ್ತು ಕ್ರಿಯಾಪದಕ್ಕೆ. ಕನ್ನಡದಲ್ಲಿ ಅದು ವಾಕ್ಯದ ಕೊನೆಗೇ ಬರುವುದರಿಂದ, ರೆಗ್ಯುಲರ್ ಎಕ್ಸ್‌ಪ್ರೆಶನ್ ಆಫ್ ಮಾಡಿ, ಪೂರ್ಣವಿರಾಮ ಸೇರಿಸಿ ‘ದ.’, ‘ದಳು.’, ‘ತ್ತಾನೆ.’, ‘ತ್ತಾಳೆ.’ ಹುಡುಕಬೇಕು. ಬರೀ ‘ದ’ ಹುಡುಕಿದರೆ ‘ಮಾಡಿದ ಕೆಲಸ’ದಂಥವು ನೂರಾರು ಬಂದು ತಲೆ ಕೆಡುತ್ತದೆ. ಎರಡನೇ ಸುತ್ತಿಗೆ ಅವನು, ಅವಳು, ಇವನಿಗೆ. ನಾಮಪದಗಳದ್ದು ಕೊನೆಯ ಸರದಿ. ವಾಕ್ಯದ ನಡುವೆ ಅಡಗಿದ ಏಕವಚನ ಹಿಡಿಯಲು ಇನ್ನೊಂದು ಉಪಾಯವಿದೆ, ಅದು ನನ್ನ ಅನ್ನದ ದಾರಿ, ಇಲ್ಲಿ ಬಿಡಿಸುವುದಿಲ್ಲ. ಒಟ್ಟು 70ರಷ್ಟು ಏಕವಚನ ಸಿಕ್ಕವು. ಹೆಚ್ಚುಕಡಿಮೆ ಎಲ್ಲವೂ ಗುಡಿಸುವವರು, ತಳ್ಳುಗಾಡಿಯವರು, ಅಂಗವೈಕಲ್ಯ ಇರುವವರ ಮೇಲೆ. ಎಂಜಿನಿಯರ್ ಮೇಲೆ ಒಂದೂ ಇಲ್ಲ.

ಬಹುವಚನ ಮಾಡಿದರೆ ಒಬ್ಬರೋ ಹಲವರೋ ಎಂಬ ಗೊಂದಲ ಹುಟ್ಟುತ್ತದೆ. ಲೆಕ್ಕ ಮುಖ್ಯವಾದ ಕಡೆ ‘ಒಬ್ಬರು ಪೌರಕಾರ್ಮಿಕರು’ ಎಂದು ಬರೆದರೆ ಮುಗಿಯಿತು. ಆದರೆ ಗೌರವದ ಹೆಸರಿನಲ್ಲಿ ಎಲ್ಲರನ್ನೂ ಪೌರಕಾರ್ಮಿಕರೆಂದು ಕರೆಯಬಾರದು. ರಸ್ತೆ ಗುಡಿಸುವವರು, ಆಟೋ ಟಿಪ್ಪರ್ ಚಾಲಕರು, ತ್ಯಾಜ್ಯ ಆಯುವವರು, ಒಳಚರಂಡಿ ಕಾರ್ಮಿಕರು ಬೇರೆ ಬೇರೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆ ಕೆಲಸಕ್ಕೇ. ಕೆಲಸದ ಹೆಸರು ಮಸುಕಾದರೆ ಹಕ್ಕಿನ ದಾರಿಯೂ ಮಸುಕು.

ನಡುವೆ ಒಂದು ಸಣ್ಣ ಪ್ರಯೋಗ ಮಾಡಿದೆ. ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಮೂರನ್ನೂ ಸಂಬಂಧಪಟ್ಟ ಏಳೆಂಟು ಜನರಿಗೆ ಓದಿ ಕೇಳಿಸಿದೆ. ‘ಚೇತನಕ್ಕೇನು ವಿಕಲ?’ ಎಂದು ಒಬ್ಬರು, ‘ದೇವರು ಮಾಡಬೇಡಿ, ರ‍್ಯಾಂಪ್ ಮಾಡಿ’ ಎಂದು ಇನ್ನೊಬ್ಬರು. ಒಮ್ಮತ ಬರಲಿಲ್ಲ. ಕೊನೆಗೆ ಸಾಮಾನ್ಯ ಪದ ಬಿಟ್ಟು ‘ದೃಷ್ಟಿದೋಷವುಳ್ಳವರು’, ‘ಗಾಲಿಕುರ್ಚಿ ಬಳಸುವವರು’ ಎಂದು ಇದ್ದದ್ದನ್ನೇ ಬರೆದೆ. ಕಿವುಡರಲ್ಲಿ ಕೆಲವರು ‘ಕಿವುಡರು’ ಎಂಬುದನ್ನೇ ಇರಿಸಿ, ‘ಮೂಗ’ ತೆಗೆಯಿರಿ ಎಂದರು, ಹಾಗೇ ಮಾಡಿದೆ. ಇಲಾಖೆಯ ಹೆಸರು ಮಾತ್ರ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಅದನ್ನು ತಿದ್ದಿದರೆ ಅರ್ಜಿ ಬೇರೆ ಕಡೆ ಹೋಗುತ್ತದೆ.

ಜಾತಿ ಪ್ರಮಾಣಪತ್ರದ ಅಧ್ಯಾಯದಲ್ಲಿ ‘ಹರಿಜನ’ ತೆಗೆದು ‘ಪರಿಶಿಷ್ಟ ಜಾತಿ’ ಮಾಡಿದೆ. ಹೊಲೆಯ, ಮಾದಿಗ ಎಂಬ ಹೆಸರುಗಳನ್ನು ಮುಟ್ಟಲಿಲ್ಲ, ಅವು ಅಧಿಕೃತ ಪಟ್ಟಿಯಲ್ಲಿರುವ ಹೆಸರುಗಳು, ಅಲ್ಲಿ ಮೃದು ಮಾಡಲು ಹೋದರೆ ಪ್ರಮಾಣಪತ್ರವೇ ಸಿಗದು. ಬೈಗುಳವಾಗಿ ಬಳಸಿದ್ದ ಒಂದು ವಾಕ್ಯವನ್ನಷ್ಟೇ ಪೂರ್ತಿ ಕಿತ್ತುಹಾಕಿದೆ.

ಎಲ್ಲ ಸೇರಿ ಒಂಬತ್ತು ದಿನ ಹಿಡಿಯಿತು. ಅರ್ಧ ದಿನ ಎಂದಿದ್ದವರೇ ಮುಂದಿನ ಕೈಪಿಡಿ ತಂದುಕೊಟ್ಟರು. ಈ ಸಲ ಪುಟಕ್ಕೆ 110.