ಹೆಸರಿನ ಅಕ್ಷರ ವ್ಯತ್ಯಾಸದಿಂದ ಪಿಂಚಣಿ ತಿರಸ್ಕೃತವಾದಾಗ ಮೇಲ್ಮನವಿ ಬರೆಯುವ ಬಗೆ

ಕೊಪ್ಪಳ ತಾಲ್ಲೂಕಿನ ನಮ್ಮ ಊರಿನ ಅಜ್ಜಿಯೊಬ್ಬರ ವಿಧವಾ ವೇತನದ ಅರ್ಜಿ ತಿರಸ್ಕೃತವಾಯಿತು. ಆಧಾರ್‌ನಲ್ಲಿ ‘ಹುಲಿಗೆಮ್ಮ’ ಎಂದೂ, ಗಂಡನ ಮರಣ ಪ್ರಮಾಣಪತ್ರದಲ್ಲಿ ಹೆಂಡತಿಯ ಹೆಸರು ‘ಹುಲಿಗೆವ್ವ’ ಎಂದೂ ಇದ್ದುದೇ ಕಾರಣ. ನಮ್ಮ ಕಡೆ ಅವ್ವ, ಅಮ್ಮ ಎರಡೂ ಬಳಕೆಯಲ್ಲಿರುವುದರಿಂದ ಇಂಥ ವ್ಯತ್ಯಾಸ ಬಹಳ.

ಮೊದಲು ತಿರಸ್ಕಾರದ ಕಾರಣವಿರುವ ಹಿಂಬರಹವನ್ನು ಲಿಖಿತವಾಗಿ ಪಡೆಯಿರಿ; ಬಾಯಿಮಾತಿನ ಉತ್ತರದ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ. ಪತ್ರದಲ್ಲಿ ಹಿಂಬರಹದ ಸಂಖ್ಯೆ, ದಿನಾಂಕ ನಮೂದಿಸಿ, ‘ಹುಲಿಗೆಮ್ಮ ಮತ್ತು ಹುಲಿಗೆವ್ವ ಎಂಬ ಎರಡೂ ಹೆಸರುಗಳು ನನ್ನವೇ’ ಎಂದು ಸ್ಪಷ್ಟವಾಗಿ ಬರೆಯಿರಿ. ಇಷ್ಟೇ ಸಾಲದು. ಯಾವ ದಾಖಲೆಯಲ್ಲಿ ಯಾವ ಹೆಸರಿದೆ, ಎಲ್ಲದರಲ್ಲೂ ಗಂಡನ ಹೆಸರು ಮತ್ತು ವಿಳಾಸ ಹೇಗೆ ಒಂದೇ ಇವೆ ಎಂಬುದನ್ನು ತೋರಿಸಿದರೆ ಮಾತ್ರ ಅಧಿಕಾರಿಗೆ ನಂಬಲು ಆಧಾರ ಸಿಗುತ್ತದೆ. ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟಿನಲ್ಲಿ ಎರಡೂ ಹೆಸರುಗಳು ದಾಖಲೆಗಳಲ್ಲಿರುವಂತೆಯೇ, ಒಂದು ಒತ್ತಕ್ಷರವೂ ತಪ್ಪದಂತೆ ಇರಬೇಕು. ಅಲ್ಲಿ ಮೂರನೆಯ ರೂಪ ಬಂದರೆ ತೊಡಕು ಹೆಚ್ಚುತ್ತದೆ.

ಹಿಂಬರಹದಲ್ಲಿ ಹೇಳಿದ ಅವಧಿಯೊಳಗೆ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಅಫಿಡವಿಟ್ಟಿನಿಂದ ಮೂಲ ದಾಖಲೆಯಲ್ಲಿರುವ ಹೆಸರು ಬದಲಾಗುವುದಿಲ್ಲವಾದ್ದರಿಂದ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರನ್ನೂ ಆಧಾರ್‌ಗೆ ಸರಿಹೊಂದಿಸಿ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಕೇಳಿ ತಿಳಿಯಿರಿ.