ಇವರ ಕಪ್ಪು ಮರ, ನನ್ನ ಬಿಳಿ ಸಾಮಾನು: ಒಂದೇ ಹಾಲ್‌ನಲ್ಲಿ ಹೊಂದಿಸಿದ್ದು

"ಎರಡನ್ನೂ ಒಟ್ಟಿಗೆ ಇಟ್ಟರೆ ಗುಜರಿ ಅಂಗಡಿ ಥರ ಕಾಣುತ್ತೆ ನೋಡು" ಅಂತ ನಮ್ಮತ್ತೆ ಮೊದಲೇ ಹೇಳಿದ್ದರು. ಇವರಿಗೆ ಕೆತ್ತನೆಯ ಕಪ್ಪು ಮರ ಇಷ್ಟ. ನನಗೆ ತೆಳು ಕಾಲಿನ ಬಿಳಿ ಸಾಮಾನು. ಈಗ ಬಂದವರಿಗೆಲ್ಲ ಹಾಲ್ ತೋರಿಸುವುದು ಅತ್ತೆಯೇ!

ಮೊದಲು ಎಡವಿದ್ದು ಸೋಫಾದಲ್ಲಿ. ಯಾರಿಗೂ ಬೇಜಾರಾಗದಿರಲಿ ಅಂತ ಬೂದು ಬಣ್ಣದ್ದು ತಂದೆವು. ಅದು ಇಬ್ಬರಿಗೂ ಹಿಡಿಸಲಿಲ್ಲ. ಹಾಲ್‌ಗೆ ಎತ್ತಿಟ್ಟ ದುಡ್ಡಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅದಕ್ಕೇ ಹೋಗಿತ್ತು. ಮಾರಿದಾಗ ಅರ್ಧವೂ ವಾಪಸ್ ಬರಲಿಲ್ಲ.

ಎರಡನೇ ತಪ್ಪು ಪೂರ್ತಿ ನನ್ನದು. ಇವರ ಹಳೇ ಕಪಾಟಿನ ಒಂದು ಬಾಗಿಲ ಒಳಗೆ ಬಿಳಿ ಪೇಂಟ್ ಹೊಡೆದು ನೋಡಿದೆ. ಎರಡು ದಿನಕ್ಕೆ ಚಹಾ ಚೆಲ್ಲಿದಂಥ ಕಂದು ಕಲೆ ಎದ್ದವು. ಮರದ ಒಗರು ನೀರಿನ ಪೇಂಟ್‌ನಲ್ಲಿ ಕರಗಿ ಮೇಲೆ ಬರುತ್ತೆ. ಮೇಲೆ ಇನ್ನೆರಡು ಕೋಟ್ ಹೊಡೆದರೂ ಕಲೆ ಇಣುಕುತ್ತಲೇ ಇತ್ತು. ಮೊದಲು ಅರಗಿನ ಪ್ರೈಮರ್ ಹಚ್ಚಬೇಕಿತ್ತು. ಇವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಲೆಕ್ಕ ಬದಲಾಯಿಸಿದೆವು. ಏನು ಬೇಕು ಅಂತ ಕೇಳುವುದು ಬಿಟ್ಟು, ಯಾವುದನ್ನು ದಿನಾ ನೋಡಲು ಆಗಲ್ಲ ಅಂತ ತಲಾ ಮೂರು ಬರೆದುಕೊಂಡೆವು. ಇವರು ಗಾಜಿನ ಟೇಬಲ್ ಬೇಡ ಅಂದರು, ನಾನು ಕೆತ್ತನೆಯ ಕುರ್ಚಿಗಳು ಬೇಡ ಅಂದೆ. ಉಳಿದದ್ದರಲ್ಲಿ ದೊಡ್ಡ ಸಾಮಾನು ತಲಾ ಒಂದೇ: ಇವರ ಕಪಾಟು, ನನ್ನ ಬಿಳಿ ಶೆಲ್ಫ್.

ಆದರೂ ಎರಡೂ ಜಗಳ ಆಡಿದ ಹಾಗೇ ಕಾಣುತ್ತಿದ್ದವು. ಹಗಲು ಬೆಳಕಲ್ಲಿ ಬಿಳಿ ಹಾಳೆಯೊಂದನ್ನು ಎರಡರ ಪಕ್ಕಕ್ಕೂ ಹಿಡಿದೆ. ಕಪಾಟಿನ ಕಪ್ಪಲ್ಲಿ ಕೆಂಪು ಛಾಯೆ, ನನ್ನ ಬಿಳಿಯಲ್ಲಿ ನೀಲಿ! ಶೆಲ್ಫ್‌ಗೆ ಚೂರು ಹಳದಿ ಬೆರೆತ ಬಿಳಿ ಹೊಡೆಸಿದೆವು. ನೀಲಿ ಬಿಳುಪಿನ ಬೆಳಕು ಕೊಡುವ 6500 ಕೆಲ್ವಿನ್ ಬಲ್ಬ್ ಎಲ್ಲ ತೆಗೆದು ಹಳದಿ ಬೆಳಕಿನ 3000ದ್ದು ಹಾಕಿದೆವು. ಅತಿ ಕಮ್ಮಿ ದುಡ್ಡು ಹೋಗಿದ್ದು ಇದಕ್ಕೆ, ಫರಕು ಮಾತ್ರ ಇದರಿಂದಲೇ ಜಾಸ್ತಿ. ಒಂದೇ ಒಂದು ಹಳೇ ಬಲ್ಬ್ ಉಳಿದಿದ್ದರೂ ಆ ಮೂಲೆ ಬೇರೆ ಮನೆಯದ್ದು ಅನಿಸುತ್ತೆ, ಹುಷಾರು.

ಇನ್ನೊಂದು ಕೆಲಸ ಇತ್ತು. ಕಪ್ಪು ಮರ ಕಪಾಟಿನಲ್ಲಿ ಮಾತ್ರ ಇದ್ದರೆ ಅದು ಒಂಟಿಯಾಗಿ ನಿಲ್ಲುತ್ತೆ. ಅದಕ್ಕೇ ಎದುರು ಗೋಡೆಯಲ್ಲಿ ಅದೇ ಬಣ್ಣದ ಫೋಟೋ ಚೌಕಟ್ಟು, ಕಿಟಕಿ ಹತ್ತಿರ ದೀಪದ ಕಂಬ. ಬಿಳಿಯೂ ಹಾಗೇ, ಮೂರು ಕಡೆ. ಎರಡೂ ಬಣ್ಣ ಇರುವ ಜಮಖಾನ ನಡುವೆ. ಅದರ ಮೂರನೇ ಬಣ್ಣ ಆರಿಸಿದ ಉಪಾಯ ಮಾತ್ರ ಹೇಳಲ್ಲ, ಅದು ನಂಗೇ ಇರಲಿ.

ಸುಮ್ನೆ ಶೆಲ್ಫ್‌ಗೆ ಹಿತ್ತಾಳೆ ಹಿಡಿಗಳನ್ನೂ ಹಾಕಿ ನೋಡಿದೆ. ವಾರಕ್ಕೇ ಬಿಚ್ಚಿದೆ. ಕಪಾಟಿನ ಆ ಬಾಗಿಲು ಇನ್ನೂ ಹಾಗೇ ಇದೆ. ನಾನು ಹೊಸದೇನಾದರೂ ತರುತ್ತೇನೆ ಅಂದಾಗಲೆಲ್ಲ ಇವರು ಹೋಗಿ ಅದನ್ನು ತೆರೆದಿಡುತ್ತಾರೆ.