ರಾಜ್ಯೋತ್ಸವದ ಆಯವ್ಯಯ: ಮೊದಲು ಖರ್ಚು, ಆಮೇಲೆ ಟಿಕೆಟ್ ದರ

ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಟಿಕೆಟ್ ದರವನ್ನು ಹಿಂದಿನ ವರ್ಷದ ದರ ನೋಡಿ ಗೊತ್ತುಮಾಡುವ ರೂಢಿಯಿದೆ. ನಷ್ಟ ಶುರುವಾಗುವುದು ಬಹುಪಾಲು ಅಲ್ಲಿಂದಲೇ. 500 ಆಸನಗಳ ಶಾಲಾ ಸಭಾಂಗಣವನ್ನು ಉದಾಹರಣೆಯಾಗಿಟ್ಟುಕೊಂಡು ಲೆಕ್ಕ ಹಾಕೋಣ. ಇಲ್ಲಿನ ಮೊತ್ತಗಳು ಕಲ್ಪಿತ, ಎಲ್ಲವೂ ಡಾಲರ್‌ಗಳಲ್ಲಿವೆ.

ಮೊದಲು, ಎಷ್ಟೇ ಜನ ಬಂದರೂ ಬದಲಾಗದ ಖರ್ಚನ್ನು ಬರೆದುಕೊಳ್ಳಬೇಕು. ಸಭಾಂಗಣಕ್ಕೆ 2,900 ಎನ್ನುವಾಗ ಕಾರ್ಯಕ್ರಮದ ನಾಲ್ಕು ಗಂಟೆಯ ಬಾಡಿಗೆಯಷ್ಟೇ ಅಲ್ಲದೆ, ರಂಗಸಜ್ಜಿಕೆ ಮತ್ತು ತೆರವಿನ ಸಮಯ, ಶುಚಿತ್ವದ ಸಿಬ್ಬಂದಿ, ವಿಮೆ ಎಲ್ಲವೂ ಅದರೊಳಗೆ ಸೇರಿರಬೇಕು. ಧ್ವನಿವ್ಯವಸ್ಥೆಗೆ 1,500 ಇರಲಿ.

ಹೆಚ್ಚು ಎಚ್ಚರ ಬೇಕಾದದ್ದು ಕಲಾವಿದರ ಪ್ರಯಾಣದ ವಿಷಯದಲ್ಲಿ. ಸಂಭಾವನೆ ಪಡೆದು ಹಾಡುವವರಿಗೆ ಪ್ರವಾಸಿ ವೀಸಾ ಸಲ್ಲದು. ಸಾಮಾನ್ಯವಾಗಿ ಪಿ ವರ್ಗದ ವೀಸಾಕ್ಕೆ ಅಮೆರಿಕದಿಂದಲೇ ಅರ್ಜಿ ಹೋಗಬೇಕು, ಪ್ರವಾಸದ ಎಲ್ಲ ಊರುಗಳ ವಿವರವೂ ಅದರಲ್ಲಿರಬೇಕು. ಬೆಂಗಳೂರಿನಿಂದ ಮೂವರ ವಿಮಾನ ಮತ್ತು ವೀಸಾ ಖರ್ಚು 7,200 ಆದರೆ, ಮೂರು ಊರಿನ ಕೂಟಗಳು ಹಂಚಿಕೊಂಡಾಗ ನಮ್ಮ ಪಾಲು 2,400. ಒಳನಾಡಿನ ವಿಮಾನಕ್ಕೆ 750, ವಸತಿಗೆ 450, ಸಂಭಾವನೆ 3,000. ವಿದೇಶಿ ಕಲಾವಿದರ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ತೆರಿಗೆ ಹಿಡಿಯಬೇಕಾಗುವುದರಿಂದ, ಒಪ್ಪಿದ ಮೊತ್ತ ತೆರಿಗೆಗೆ ಮುಂಚಿನದೋ ನಂತರದ್ದೋ ಎಂಬುದನ್ನು ಒಪ್ಪಂದದಲ್ಲಿಯೇ ಬರೆಯಿರಿ. ಕೈಗೆ 3,000 ಸಿಗಲೇಬೇಕೆಂದರೆ ಕೂಟದ ಖರ್ಚು ಸುಮಾರು 4,286ಕ್ಕೆ ಏರುತ್ತದೆ. ನಮ್ಮ ಲೆಕ್ಕದಲ್ಲಿ 3,000 ಎಂಬುದು ತೆರಿಗೆಗೆ ಮುಂಚಿನ ಮೊತ್ತ.

ಇಷ್ಟಕ್ಕೆ 11,000 ಆಯಿತು. ಅನಿರೀಕ್ಷಿತ ಖರ್ಚಿಗೆಂದು ಶೇ. 10 ಸೇರಿಸಿ, ಲಿಖಿತವಾಗಿ ಒಪ್ಪಿಕೊಂಡ ಪ್ರಾಯೋಜಕರ 2,500 ಕಳೆದರೆ 9,600 ಉಳಿಯುತ್ತದೆ. ಬಾಯಿಮಾತಿನ ಪ್ರಾಯೋಜಕತ್ವವನ್ನು ಆದಾಯವೆಂದು ಬರೆಯಬಾರದು.

ಊಟ ತಲೆಗೆ 14. ಸ್ವಯಂಸೇವಕರು ಮತ್ತು ವೇದಿಕೆ ಏರುವವರು ಸೇರಿ 60 ಮಂದಿ ಟಿಕೆಟ್ಟಿಲ್ಲದೆ ಉಣ್ಣುವುದರಿಂದ, ಆ 840 ಸೇರಿ ಟಿಕೆಟ್ಟಿನಿಂದ ಬರಬೇಕಾದದ್ದು 10,440. ಮಕ್ಕಳ ಟಿಕೆಟ್ 15 ಇಟ್ಟರೆ ಅವರ ಊಟದ ಖರ್ಚು ಹುಟ್ಟುತ್ತದೆ ಅಷ್ಟೇ. ಉಳಿದ ಭಾರವೆಲ್ಲ ದೊಡ್ಡವರ ಟಿಕೆಟ್ಟಿನ ಮೇಲೆ. ಅದು 40 ಆದರೆ ಊಟ ಕಳೆದು 26 ಉಳಿಯುತ್ತದೆ, 402 ಟಿಕೆಟ್ ಮಾರಬೇಕಾಗುತ್ತದೆ. ಮಾರಲು ಸಿಗುವುದು 440 ಆಸನಗಳಾದ್ದರಿಂದ ಮಕ್ಕಳಿಗೆ 38 ಮಾತ್ರ ಮಿಗುತ್ತವೆ. ಕುಟುಂಬ ಸಮೇತ ಬರುವ ಸಭೆಗೆ ಇದು ಏನೇನೂ ಸಾಲದು. ದರವನ್ನು 45ಕ್ಕೆ ಏರಿಸಿದರೆ 337 ಟಿಕೆಟ್ ಸಾಕು, ಮಕ್ಕಳಿಗೆ 103 ಆಸನ ಉಳಿಯುತ್ತದೆ. ಐದು ಡಾಲರ್ ಏರಿಸಲು ಸಂಕೋಚಪಡುವ ಸಮಿತಿಗಳು ಈ ಅಂತರವನ್ನು ನೋಡಬೇಕು.

ಪ್ರವಾಸದ ಉಳಿದೆರಡು ಊರುಗಳು ಹಿಂದೆ ಸರಿದರೆ ಮಾತ್ರ ಈ ದರವೂ ನಿಲ್ಲದು. ಹೆಚ್ಚುವರಿ 4,800ಕ್ಕೆ ಇನ್ನೂ 155 ದೊಡ್ಡವರು ಬರಬೇಕು, ಒಟ್ಟು 492. ಅಷ್ಟು ಆಸನಗಳೇ ಇಲ್ಲ. ಆದುದರಿಂದ ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ಆ ಕೂಟಗಳ ಪಾಲಿನ ಹಣವನ್ನು ಮುಂಗಡವಾಗಿ ಪಡೆಯಿರಿ.